ಒಂದೆಳೆ ಪಾಕ ಮತ್ತು ಅತ್ತೆಯ ಹೆಬ್ಬೆರಳು

ನಾದಿನಿಯ ನಿಶ್ಚಿತಾರ್ಥದ ಹಿಂದಿನ ದಿನ ಅತ್ತೆ ಈಳಿಗೆ ಮೇಲೆ ಕುಂಬಳಕಾಯಿ ಹೆಚ್ಚುವಾಗ ಬಲಗೈ ಹೆಬ್ಬೆರಳನ್ನೂ ಪಕ್ಕದ ಬೆರಳನ್ನೂ ಕೊಯ್ದುಕೊಂಡರು. ಅವರ್ಸಾ ಊರಿನ ನಮ್ಮ ಮನೆಯಲ್ಲಿ ಎಲ್ಲರೂ ಗಾಯ ನೋಡಿ ಅಯ್ಯೋ ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ನೆನಪಾದದ್ದು ಮೈಸೂರು ಪಾಕು. ಬಟ್ಟೆ ಸುತ್ತಿದ ಬೆರಳಿನಿಂದ ಪಾಕ ನೋಡುವುದು ಹೇಗೆ?

ಅಂದರೆ ನಾನೇ ನೋಡಬೇಕು!

ಮದುವೆಯಾಗಿ ಬಂದ ಮೊದಲ ದೀಪಾವಳಿಗೆ ನಾನು ಮಾಡಿದ್ದ ಮೈಸೂರು ಪಾಕಿನ ಕಥೆ ಊರಿಗೆಲ್ಲ ಗೊತ್ತಿತ್ತು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಮೈದುನ ಅದನ್ನು ತೆಂಗಿನಕಾಯಿ ಒಡೆಯುವ ಕಲ್ಲಿಗೆ ಕುಟ್ಟಿ ತಿಂದ. ಕಿನ್ನರ ನನ್ನ ತವರೂರು; 'ಕಿನ್ನರದಿಂದ ಹೆಣ್ಣು ತಂದ್ವಾ, ಕಲ್ಲುಕೋರೆ ತಂದ್ವಾ' ಅಂತ ನಗಾಡಿದ. ಆವತ್ತಿನಿಂದ ಮೂರು ವರ್ಷ ಅತ್ತೆ ನನ್ನನ್ನು ಪಾಕದ ಪಾತ್ರೆಯ ಹತ್ತಿರ ಬಿಟ್ಟಿರಲಿಲ್ಲ. ಹಿಟ್ಟು ಜರಡಿ ಹಿಡಿ, ತುಪ್ಪ ಕಾಯಿಸು, ಅಷ್ಟೇ. ಈಗ ನೋಡಿದರೆ ನಾಳೆ ಹನ್ನೊಂದು ಗಂಟೆಗೆ ಕಾರವಾರದಿಂದ ಗಂಡಿನ ಕಡೆಯವರು ಬರುತ್ತಾರೆ. ಮತ್ತೆ ಕಲ್ಲಾದರೆ? ಸಾಯುವ ತನಕ ನಾನು ಕಲ್ಲುಕೋರೆಯೇ.

ಮರುದಿನ ಬೆಳಿಗ್ಗೆ ಸಕ್ಕರೆ ಮುಳುಗುವಷ್ಟೇ ನೀರು ಹಾಕಿ ಒಲೆಗಿಟ್ಟೆ. ಕರಗಿ ಕುದಿ ಬಂದ ಮೇಲೆ ಒಂದು ಚಮಚ ಹಾಲು ಬಿಟ್ಟು, ಮೇಲೆ ಬಂದ ಕಸ ತೆಗೆದೆ. ಅತ್ತೆ ಮಣೆ ಎಳೆದು ಬಾಗಿಲಲ್ಲೇ ಕೂತರು.

"ಒಲೆ ಸಣ್ಣ ಮಾಡ್ಕಂಡು ನೋಡೇ. ನೀ ನೋಡ್ತಾ ಕೂತಾಗ ಪಾಕ ಮುಂದೆ ಹೋಗ್ತದೆ."

ಸೌಟಿನಿಂದ ಒಂದು ಹನಿ ತಟ್ಟೆಗೆ ಬಿಟ್ಟು, ಊದಿ, ಎರಡು ಬೆರಳ ನಡುವೆ ಹಿಡಿದೆ. ಬರೀ ಅಂಟು. ಜಾಮೂನಿಗಾದರೆ ಇಷ್ಟೇ ಸಾಕಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಬೆರಳು ಬಿಡಿಸಿದರೆ ಎಳೆ ಎದ್ದಿತು, ಪಟ್ಟಂತ ಕಡಿಯಿತು. ಜಿಲೇಬಿಗಾದರೆ ಇನ್ನೊಂದು ಚೂರು ಕಾಯಿಸಿ, ಎಳೆ ಆಗಷ್ಟೇ ನಿಲ್ಲತೊಡಗಿದಾಗ ನಿಂಬೆ ಹಿಂಡಿ ಇಳಿಸಬೇಕು; ಹೆಚ್ಚು ದಪ್ಪವಾದರೆ ಜಿಲೇಬಿ ರಸ ಕುಡಿಯುವುದಿಲ್ಲ, ಮೇಲೆ ಸಕ್ಕರೆ ಕಟ್ಟುತ್ತದೆ. ಮೈಸೂರು ಪಾಕಿಗೆ ಎಳೆ ಚೆನ್ನಾಗಿ ನಿಲ್ಲಬೇಕು.

ಮೂರನೇ ಸಲ ಬೆರಳು ಮೆಲ್ಲಗೆ ಬಿಡಿಸಿದೆ. ಬಂತು! ಒಂದೇ ಒಂದು ಎಳೆ, ಕೂದಲಿನಷ್ಟು ಸಣ್ಣದು, ಕಡಿಯದೆ ಬೆರಳ ಜೊತೆಗೇ ಉದ್ದವಾಯಿತು.

"ಅತ್ತೆ, ಬಂತು!"

ಅವರು ಕೂತಲ್ಲಿಂದಲೇ ಕತ್ತು ಚಾಚಿದರು. "ಎಲ್ಲಿ ಬಂತು? ಗುಳ್ಳೆ ನೋಡಿದ್ರೆ ಗೊತ್ತಾಗೂದಿಲ್ವ? ಇನ್ನೊಂದು ಕುದಿ ಬರ್ಲಿ."

ಇನ್ನೊಂದು ಕುದಿ! ನನ್ನ ಕಿವಿ ಬಿಸಿಯಾಯಿತು. ಆ ದೀಪಾವಳಿಯಲ್ಲೂ ನಾನು ಬಂತು ಅಂದಾಗ ಜಗುಲಿಯಲ್ಲಿ ಹೂ ಕಟ್ಟುತ್ತ ಕೂತು ಇದೇ ಮಾತು ಹೇಳಿದ್ದರು. ಹೊಸ ಸೊಸೆ ನಾನು, ಹೂಂ ಅಂದಿದ್ದೆ. ಆ ಒಂದು ಕುದಿಯಲ್ಲಿ ಒಂದೆಳೆ ಎರಡೆಳೆಯಾಗಿತ್ತು. ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾರು ನಂಬುತ್ತಿದ್ದರು?

"ಬೆರಳು ನಂದು ಅತ್ತೆ" ಅಂದೆ. ದನಿ ಸ್ವಲ್ಪ ಜೋರೇ ಆಯಿತು. ಹೇಳಿದವಳೇ ಹುರಿದಿಟ್ಟ ಕಡಲೆಹಿಟ್ಟನ್ನು ಪಾಕಕ್ಕೆ ಉದುರಿಸಿದೆ.

ನನಗೆ ತಿರುಗಿ ನೋಡುವ ಧೈರ್ಯ ಇರಲಿಲ್ಲ. ಒಂದು ಕೈಯಲ್ಲಿ ಗಂಟಾಗದಂತೆ ಮಗುಚುತ್ತ, ಇನ್ನೊಂದು ಕೈಯಲ್ಲಿ ಕಾದ ತುಪ್ಪವನ್ನು ಸೌಟು ಸೌಟಾಗಿ ಬಿಟ್ಟೆ. ಬಿಟ್ಟಾಗಲೆಲ್ಲ ಚುಂಯ್ ಅಂತ ಉಕ್ಕಿತು. ತೋಳು ಬಿದ್ದುಹೋಗುವ ಹಾಗಾಯಿತು. ಆಮೇಲೆ ನೊರೆ ನೊರೆಯಾಗಿ, ಗೂಡುಗೂಡಾಗಿ, ಪಾತ್ರೆಯ ಬದಿ ಬಿಟ್ಟು ಮುದ್ದೆಯಾಗಿ ಎದ್ದಿತು ನೋಡಿ, ನಾನು ಕುಣಿಯುವುದೊಂದು ಬಾಕಿ! ತುಪ್ಪ ಸವರಿದ ತಟ್ಟೆಗೆ ಸುರಿದೆ, ಬಿಸಿ ಇರುವಾಗಲೇ ಗೀರು ಹಾಕಿದೆ. ಚಾಕು ಸಲೀಸಾಗಿ ಇಳಿಯಿತು.

ಹನ್ನೊಂದಕ್ಕೆ ನೆಂಟರು ಬಂದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಅವರ ಬಾಯಿಯನ್ನೇ ನೋಡುತ್ತಿದ್ದೆ. ಗಂಡಿನ ತಾಯಿ ಒಂದು ತುಂಡು ಕಚ್ಚಿ, ಇನ್ನೊಂದಕ್ಕೆ ಕೈ ಹಾಕಿದರು. "ಬಾಯಲ್ಲಿಟ್ರೆ ಕರಗ್ತದಲ್ರೀ! ನಿಮ್ಮ ಕೈಗುಣ ಕೇಳಿದ್ದೆ, ಈಗ ತಿಂದೂ ನೋಡ್ದೆ" ಅಂತ ಅತ್ತೆಗೆ ಹೇಳಿದರು.

ಅತ್ತೆ ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ತೋರಿಸಿದರು. "ನಂದೆಂತ ಕೈಗುಣ, ಇದು ನಮ್ಮ ಸೊಸೆ ಮಾಡಿದ್ದು."

ಮೈದುನ ಸುಮ್ಮನಿರಬೇಕಲ್ಲ! "ಹೌದಾ? ಹಂಗಾದ್ರೆ ಆವತ್ತಿನ ಕಲ್ಲು?" ಅಂದ. ಎಲ್ಲರೂ ನಕ್ಕರು.

ಅತ್ತೆ ನಗಲಿಲ್ಲ. "ಆ ಕಲ್ಲು ನಂದು" ಅಂದರು. "ಅವಳು ಬಂತು ಅಂದಿದ್ಲು. ನಾ ಪಾಕಕ್ಕೆ ಬೆರಳೂ ಇಡದೇ, ಜಗುಲಿಲಿ ಕೂತೇ ಇನ್ನೊಂದು ಕುದಿ ಬರ್ಲಿ ಅಂದೆ."