ತೆರೆದ ಕಾರ್ಡಿಗೆ ತೆರೆದ ಕಾರ್ಡು

ಗಂಡ ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಎರಡು ಮಗ್ಗ ನನ್ನ ಪಾಲಿಗೆ ಬಂದವು. ನೇಯ್ದ ಸೀರೆಗಳನ್ನು ನಾನೇ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಪರವೂರಿನವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಯುದ್ಧದ ಕಾಲ. ರೇಷ್ಮೆ ಸಿಗುವುದೇ ಕಷ್ಟವಾಗಿತ್ತು.

ಒಂದು ದಿನ ಅಂಚೆಯವನು ಕಾರ್ಡು ಕೊಟ್ಟು ತಲೆ ತಗ್ಗಿಸಿಕೊಂಡ. ಅವನು ಓದಿದ್ದ. ಗೌರಿಬಿದನೂರಿನ ಗಿರಾಕಿಯೊಬ್ಬರು ಮಗಳ ಮದುವೆಗೆಂದು ಮುಂಗಡ ಕಳಿಸಿ ಹಸಿರು ಸೀರೆ ಕಳಿಸಲು ಹೇಳಿದ್ದರು. 'ಪಾರ್ಸೆಲ್ ಬಂದೇ ಇಲ್ಲ. ನೀನು ಮೋಸಗಾತಿ' ಎಂದು ಎಲ್ಲರೂ ಓದುವ ಹಾಗೆ ಬರೆದಿದ್ದರು.

ಗಂಡನ ಅಣ್ಣ, ನಮ್ಮ ಭಾವನವರು ಹೆದರಿದರು. "ಊರೆಲ್ಲ ಆಡಿಕೊಳ್ಳುತ್ತೆ. ಇನ್ನೊಂದು ಸೀರೆ ಕಳಿಸಿ ಬಾಯಿ ಮುಚ್ಚಿಸಿಬಿಡು."

"ಕಳಿಸಿದ್ರೆ ನಾನು ಮೋಸ ಮಾಡಿದ್ದು ಹೌದು ಅಂತಾಗುತ್ತೆ, ಭಾವ."

"ಹಂಗಾದ್ರೆ ಲಕೋಟೆಯಲ್ಲಾದ್ರೂ ಬರಿ."

ನಾನೂ ಕಾರ್ಡಿನಲ್ಲೇ ಬರೆದೆ. 'ಸೀರೆಯನ್ನು ರಿಜಿಸ್ಟ್ರಿ ಮಾಡಿ ಕಳಿಸಿದ್ದೇನೆ. ರಸೀದಿ ನನ್ನಲ್ಲಿದೆ. ವಿಚಾರಣೆಗೆ ಅರ್ಜಿ ಕೊಡುತ್ತಿದ್ದೇನೆ. ಪಾರ್ಸೆಲ್ ದಾರಿಯಲ್ಲಿ ಕಳೆದಿದ್ದರೆ ಇನ್ನೊಂದು ನೇಯ್ದು ಕೊಡುತ್ತೇನೆ. ಅದು ತಿಳಿಯುವವರೆಗೆ ಒಂದು ನೂಲೂ ಕಳಿಸುವುದಿಲ್ಲ. ಮೋಸಗಾತಿ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.' ಅವರ ಊರಿನವರೂ ಓದಲಿ ಎಂಬ ಹಟ ನನಗಿತ್ತು. ಅಂದಿನಿಂದ ಭಾವ ನನ್ನೊಡನೆ ಮಾತು ಬಿಟ್ಟರು.

ಅಂಚೆ ಕಚೇರಿಯಲ್ಲಿ ರಸೀದಿ ತೋರಿಸಿ ಅರ್ಜಿ ಕೊಟ್ಟೆ. ಪೋಸ್ಟ್ ಮಾಸ್ಟರು ರಸೀದಿಯ ನಂಬರು ಬರೆದುಕೊಂಡು, "ಆ ಊರಿನ ಕಚೇರಿಯಿಂದ ಉತ್ತರ ಬರಬೇಕಮ್ಮ, ತಡವಾಗುತ್ತೆ" ಎಂದರು. ಮೂರು ವಾರ ನನಗೆ ಅನ್ನ ಸೇರಲಿಲ್ಲ. ಪಾರ್ಸೆಲ್ ಮನೆಗೇ ತಲುಪಿದೆ, ಸಹಿ ಪಡೆಯಲಾಗಿದೆ ಎಂಬ ಉತ್ತರ ಬಂತು. ಜೊತೆಗೆ ಸಹಿ ಇದ್ದ ಚೀಟಿಯನ್ನೂ ನೋಡಲು ಕಳಿಸಿದ್ದರು.

ಅದೇ ವಾರ ಗಿರಾಕಿಯೇ ರೈಲು ಹತ್ತಿ ಬಂದರು. ಬೀದಿಯಲ್ಲೇ ಕೂಗಾಡಿದರು. "ಏನಮ್ಮಾ, ಕಾರ್ಡಿನಲ್ಲಿ ನನ್ನ ಮಾನ ಕಳೀತೀಯಾ?"

"ಮೊದಲು ಕಳೆದವರು ಯಾರು? ಬನ್ನಿ, ಅಂಚೆ ಕಚೇರಿಗೆ ಹೋಗೋಣ."

ಪೋಸ್ಟ್ ಮಾಸ್ಟರು ಚೀಟಿ ಮುಂದಿಟ್ಟರು. ಗಿರಾಕಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹೆಸರು ಅವರದೇ. ಅಕ್ಷರ ಮಾತ್ರ ಅವರದಲ್ಲ.

"ನನ್ನ ತಮ್ಮಂದು" ಎಂದರು. ದನಿ ಇಳಿದಿತ್ತು. "ಒಂದೇ ಮನೇಲಿದ್ದೀವಿ. ಆಸ್ತಿ ಪಾಲಿನ ಜಗಳ ನಡೀತಿದೆ."

ಒಂದು ಗಳಿಗೆ ನನಗೂ ಕನಿಕರವಾಯಿತು. ಅಷ್ಟರಲ್ಲಿ ಅವರೇ ಅಂದರು: "ನೀನು ಪಡೆದವರ ಸಹಿ ಹಾಕಿಸಿಕೊಂಡು ವಾಪಸ್ ಬರೋ ಕಾರ್ಡು ಸೇರಿಸಿ ಕಳಿಸಿದ್ರೆ ಇಷ್ಟೆಲ್ಲಾ ಆಗ್ತಿತ್ತಾ?"

"ಆ ತಪ್ಪು ನನ್ನದೇ. ನೀವು ಬರೆದ ಮಾತು?"

ಅವರು ಕನ್ನಡಕ ಜೇಬಿಗಿಟ್ಟುಕೊಂಡು ಸ್ಟೇಷನ್ನಿನ ಕಡೆ ನಡೆದರು. ಸೀರೆ ತಮ್ಮನ ಕೈಯಿಂದ ಮರಳಿ ಸಿಕ್ಕಿತೋ ಇಲ್ಲವೋ ನಾನು ಕೇಳಲಿಲ್ಲ. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.