ಏಳು ಹೆಜ್ಜೆ ಹಿಂದಕ್ಕೆ

ಇದನ್ನು ಬರೆಯಲು ಕೂರುವ ಮೊದಲು ತಂಗಿಯ ಮನೆಯ ಹಿತ್ತಲನ್ನು ಮತ್ತೊಮ್ಮೆ ಅಳೆದು ಬಂದೆ. ಅಡುಗೆಮನೆಯ ಹಿಂಬಾಗಿಲಿನಿಂದ ಬಟ್ಟೆ ಒಗೆಯುವ ಕಲ್ಲಿಗೆ ನನ್ನ ಆರು ಹೆಜ್ಜೆ. ಕಲ್ಲಿನಿಂದ ಹಲಸಿನ ಮರಕ್ಕೆ ಹದಿನೈದು. ಮರದಾಚೆ ಹಿಪ್ಪುನೇರಳೆ ತೋಟ, ತೋಟದಾಚೆ ಕಾಡು. ನನ್ನ ನೆನಪು ಇದನ್ನು ಹೆಚ್ಚಿಸಿಯೂ ಇರಲಿಲ್ಲ, ಕಡಿಮೆ ಮಾಡಿಯೂ ಇರಲಿಲ್ಲ.

ನಾನು ಕನಕಪುರದಲ್ಲಿ ಅಂಗನವಾಡಿ ಟೀಚರು. ಕತೆ ಹೇಳುವುದು ನನ್ನ ಕೆಲಸ. ತಂಗಿಗೆ ಎರಡನೆಯ ಹೆರಿಗೆಯಾದಾಗ ರಜೆ ಹಾಕಿ ಕೋಡಿಹಳ್ಳಿ ಕಡೆಯ ಅವಳ ಊರಿಗೆ ಬಾಣಂತನಕ್ಕೆ ಹೋದೆ. ದೊಡ್ಡ ಮಗಳಿಗೆ ಆಗ ನಾಲ್ಕು ವರ್ಷ. ಯಾರಾದರೂ ಬಂದರೆ ಬಾಗಿಲ ಹಿಂದೆ ನಿಲ್ಲುವ ಮಗು. ಅವಳ ಹಳೇ ಕೌದಿಯನ್ನು ಕೂಸಿಗೆ ಹೊದಿಸಿದ ದಿನದಿಂದ ಮಾತು ಇನ್ನೂ ಕಡಿಮೆಯಾಗಿತ್ತು. ಕೂಸಿನ ಮೇಲಿಂದ ಕೌದಿಯನ್ನು ಎಳೆದುಕೊಂಡು ಹೋಗಿ ಮೂಲೆಯಲ್ಲಿ ಅದರ ಮೇಲೆ ಕೂತುಬಿಡುತ್ತಿದ್ದಳು. ಕೈಯಲ್ಲಿ ಚನ್ನಪಟ್ಟಣದ ಒಂದು ಮರದ ಆನೆ, ಕೆಂಪು ಅರಗಿನ ಬಣ್ಣದ್ದು.

ಅದನ್ನೇ ಹಿಡಿದು ಕತೆ ಕಟ್ಟಿದೆ.

ಒಂದು ಆನೆಮರಿ. ಅದಕ್ಕೆ ಬಲು ನಾಚಿಕೆ. ಯಾರು ಬಂದರೂ ಹುಣಸೆಮರದ ಹಿಂದೆ ನಿಲ್ಲುತ್ತಿತ್ತು. ಮುಖ ಮಾತ್ರ ಮರೆ, ಮೈಯೆಲ್ಲ ಆಚೆ. ಅದಕ್ಕೊಂದು ಹಲಸಿನಹಣ್ಣು ಸಿಕ್ಕಿತು. ಅಳಿಲು ಬಂತು, 'ನಂಗೊಸಿ ಕೊಡು' ಅಂತು. ಮರಿ ಕಣ್ಣು ಮುಚ್ಚಿಕೊಂಡಿತು. ಗೊರವಂಕ ಬಂತು, 'ನಂಗೊಸಿ ಕೊಡು' ಅಂತು. ಮರಿ ಕಿವಿ ಮುಚ್ಚಿಕೊಂಡಿತು. ಆಮೇಲೆ ಇನ್ನೊಂದು ಆನೆಮರಿ ಬಂತು. ಅದು ಏನೂ ಕೇಳಲಿಲ್ಲ, ಸುಮ್ಮನೆ ನಿಂತಿತ್ತು. ಆಗ ನಮ್ಮ ಮರಿ ಒಂದು ತೊಳೆ ತೆಗೆದು ಕಲ್ಲಿನ ಮೇಲಿಟ್ಟು, ಮುಖ ಆಚೆ ತಿರುಗಿಸಿಕೊಂಡು, ಹಿಂದಕ್ಕೆ ಹೆಜ್ಜೆ ಇಟ್ಟಿತು. ಒಂದು, ಎರಡು, ಮೂರು, ನಾಕು, ಐದು, ಆರು, ಏಳು. ಏಳಕ್ಕೆ ಅವ್ವನ ಹೊಟ್ಟೆ ಸಿಕ್ಕಿತು. ಅವ್ವನ ಹೊಟ್ಟೆ ಕೆಳಗೆ ಮಲಗಿತು.

ನಾಚುವ ಮಗುವಿಗೆ 'ಕೊಡು' ಎಂದು ಹೇಳಿ ಪ್ರಯೋಜನವಿಲ್ಲ. ಕೊಡುವಾಗ ಎದುರಿನವರ ಮುಖ ನೋಡಬೇಕಲ್ಲ, ಅದೇ ಅವರಿಗೆ ಕಷ್ಟ. ಹಾಗಾಗಿ ಇಟ್ಟು ಹಿಂದೆ ಸರಿಯುವ ದಾರಿ ಮಾಡಿಕೊಟ್ಟೆ. ಮಲಗುವಾಗಿನ ಕತೆಗೆ ಇನ್ನೊಂದು ನಿಯಮವಿದೆ: ದಿನವೂ ಅದೇ ಮಾತು, ಅದೇ ಕ್ರಮ, ಕೊನೆಗೆ ಬರುವಷ್ಟರಲ್ಲಿ ದನಿ ಇಳಿಯಬೇಕು, ಎಣಿಕೆ ನಿಧಾನವಾಗಬೇಕು. ಮುಂದೇನೆಂದು ಗೊತ್ತಿದ್ದರೆ ಮಾತ್ರ ಮಗು ಕಣ್ಣು ಮುಚ್ಚುತ್ತದೆ. ಒಂದು ದಿನ ನಿದ್ದೆಗಣ್ಣಿನಲ್ಲಿ ಐದಕ್ಕೇ ನಿಲ್ಲಿಸಿದೆ.

"ಅಂಗಲ್ಲ ದೊಡ್ಡವ್ವ! ಇನ್ನೂ ಆರು ಐತೆ, ಏಳೈತೆ. ಅವ್ವ ಸಿಕ್ಕೇ ಇಲ್ಲ ಅದ್ಕೆ."

"ಆಯ್ತು ಕಣವ್ವ, ತಪ್ಪಾಯ್ತು."

"ಮೊದ್ಲಿಂದ ಹೇಳು."

ಮೊದಲಿನಿಂದ ಹೇಳಿದೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಅವಳು ಕೌದಿಯ ಒಂದು ಅಂಚನ್ನು ಕೂಸಿನ ಕಾಲ ಮೇಲೆ ಹಾಕಿ, ಮುಖ ಗೋಡೆಗೆ ತಿರುಗಿಸಿ, ಹಿಂದೆ ಹಿಂದೆ ನಡೆದು ಬಂದು ನನ್ನ ಮಡಿಲಿಗೆ ಬಿದ್ದಳು. ತಂಗಿ ಮಲಗಿದಲ್ಲೇ ನಕ್ಕಳು. "ನಿನ್ ಆನೆ ಗೆಲ್ತು ಕಣಕ್ಕ. ನಾನು ಬೋದು ಬೋದು ಸಾಕಾಗಿದ್ದೆ." ನನಗೂ ಹೆಮ್ಮೆಯಾಯಿತು. ಆ ಹೆಮ್ಮೆಯನ್ನೂ ಇಲ್ಲಿ ಬರೆದಿಡಬೇಕು.

ನಾನು ಯೋಚಿಸದೆ ಬಿಟ್ಟದ್ದು ಒಂದೇ. ಪಟ್ಟಣದ ಮಗುವಿಗೆ ಆನೆ ಎಂದರೆ ಚಿತ್ರ. ಈ ಮಗುವಿಗೆ ಆನೆ ಎಂದರೆ ಹಿತ್ತಲಿಗೆ ಬರುವುದು. ಹಣ್ಣಾದ ಹಲಸನ್ನು ಮರದಲ್ಲಿ ಬಿಡಬೇಡಿ, ವಾಸನೆಗೆ ಆನೆ ದೂರದಿಂದಲೂ ಬರುತ್ತದೆ, ಎದುರಾದರೆ ಕೂಗಬೇಡಿ, ಓಡಬೇಡಿ ಎಂದು ಅರಣ್ಯದವರು ಹೇಳಿ ಹೋಗಿದ್ದರು. ತಂಗಿಯ ಗಂಡನಿಗೆ ರೇಷ್ಮೆಹುಳು ಕೊನೆಯ ಪೊರೆ ಬಿಡುವ ಕಡೇ ಜ್ವರದಿಂದೆದ್ದು ಸೊಪ್ಪಿಗೆ ಮುಗಿಬಿದ್ದ, ಬಿಡುವಿಲ್ಲದ ಹೊತ್ತು. "ನಾಳೆ ಕೀಳ್ತೀನಿ ಬುಡಕ್ಕ" ಎನ್ನುತ್ತಾ ಮೂರು ದಿನ ಕಳೆದಿದ್ದ.

ಅಂದು ಹೊತ್ತು ಮುಳುಗಿತ್ತು, ಬೆಳಕು ಪೂರ್ತಿ ಹೋಗಿರಲಿಲ್ಲ. ನಾನು ಒಲೆಯ ಮುಂದೆ ಕೂಸಿಗೆ ನೀರು ಕಾಯಿಸುತ್ತಿದ್ದೆ. ತಾನೇ ಬಿದ್ದ ಒಂದು ಹಲಸಿನಿಂದ ಬಿಡಿಸಿ ತಟ್ಟೆಯಲ್ಲಿಟ್ಟಿದ್ದ ತೊಳೆಗಳು ಇರಲಿಲ್ಲ. ತಟ್ಟೆಯೂ ಇರಲಿಲ್ಲ. ಹಿಂಬಾಗಿಲು ತೆರೆದಿತ್ತು.

ಅವಳು ಒಗೆಯುವ ಕಲ್ಲಿನಿಂದ ಈಚೆ ನಿಂತಿದ್ದಳು. ತಟ್ಟೆ ಕಲ್ಲಿನ ಮೇಲಿತ್ತು. ಹಲಸಿನ ಮರದ ಪಕ್ಕದ ಕತ್ತಲೆ ಮರಕ್ಕಿಂತ ಅಗಲವಾಗಿತ್ತು. ಅದರಲ್ಲಿ ಒಂದು ಕಿವಿ ಆಡಿತು. ಆಮೇಲೆ ಹಸಿ ಸೊಪ್ಪು ಹುಳಿ ಬಂದಂಥ ವಾಸನೆ.

ಮಗು ಓಡಲಿಲ್ಲ, ಅಳಲಿಲ್ಲ. ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಸಣ್ಣ ದನಿ ಕೇಳಿಸಿತು: "ಮೂರು." ಅಷ್ಟರಲ್ಲಿ ಒಂದು ಕೊಂಬೆ ಲಟಕ್ಕೆಂದು ಮುರಿಯಿತು. ಅವಳು ಅಲ್ಲೇ ನಿಂತುಬಿಟ್ಟಳು.

ಕೂಗಿದರೆ ಅವಳು ಬೆದರಿ ಯಾವ ಕಡೆ ಓಡುತ್ತಾಳೋ ತಿಳಿಯದು. ನಾನು ಓಡಿದರೆ ಆನೆ ಏನು ಮಾಡುತ್ತದೋ ತಿಳಿಯದು. ನನ್ನ ಬಾಯಿಂದ ಬಂದದ್ದು ರಾತ್ರಿಯ ದನಿ, ಕತೆಯ ಕೊನೆಯ ದನಿ.

"ನಾಕು," ಅಂದೆ.

ಅವಳ ಕಾಲು ಹಿಂದಕ್ಕೆ ಬಂತು. ನಾನು ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟೆ.

"ಐದು," ಅವಳೇ ಅಂದಳು.

ಆನೆ ಸೊಂಡಿಲು ಎತ್ತಿ ಗಾಳಿ ಹಿಡಿಯಿತು. ನಾನು ಇನ್ನೊಂದು ಹೆಜ್ಜೆ ಇಟ್ಟೆ.

"ಆರು."

ಏಳನ್ನು ಯಾರು ಹೇಳಿದೆವೋ ನೆನಪಿಲ್ಲ. ಅವಳ ಬೆನ್ನು ನನ್ನ ಹೊಟ್ಟೆಗೆ ತಾಗಿತು. ಎತ್ತಿಕೊಂಡು, ನಾನೂ ಬೆನ್ನು ತಿರುಗಿಸದೆ ಒಳಗೆ ಬಂದು ಚಿಲಕ ಹಾಕಿದೆ. ಚಿಲಕ ಮೂರನೆಯ ಸಲಕ್ಕೆ ಕೂತಿತು. ಹೊರಗೆ ತಟ್ಟೆ ಕಲ್ಲಿನಿಂದ ಬಿದ್ದ ಸದ್ದಾಯಿತು. ಎಷ್ಟೋ ಹೊತ್ತು ಮರ ಅಲುಗುತ್ತಲೇ ಇತ್ತು. ಆಮೇಲೆ ನಿಂತಿತು.

ಹುಳದ ಮನೆಯಿಂದ ಬಂದ ಅವಳ ಅಪ್ಪ ತಟ್ಟೆ ನೋಡಿ, ಮಣ್ಣಿನ ಮೇಲಿದ್ದ ಹೆಜ್ಜೆ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಬಂದ. "ಹಣ್ ಕೀಳ್ದೆ ಬುಟ್ಟಿದ್ದು ನಾನು," ಅಂದ. ತಟ್ಟೆಯನ್ನು ಒಲೆಯ ಪಕ್ಕ ಇಟ್ಟು, "ಆದ್ರೂ ಆ ಕತೆ ಬ್ಯಾಡ ಬುಡಕ್ಕ ಇನ್ನು," ಅಂದ. ಅವನ ಮಾತು ಸರಿ. ನಾನೂ ಇನ್ನು ಹೇಳಬಾರದೆಂದೇ ಇದ್ದೆ.

ಮಲಗುವ ಹೊತ್ತಿಗೆ ಮಗು ಕೇಳಿದಳು. ಮೊಲದ ಕತೆ ಶುರುಮಾಡಿದೆ. ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಅಂಗಲ್ಲ. ಆನೇದು."

ಹೇಳದೆ ಹೋದರೆ ಅವಳು ಅದನ್ನು ತನ್ನೊಳಗೇ ಹೇಳಿಕೊಳ್ಳುತ್ತಾಳೆ, ನಾಳೆ ಮತ್ತೆ ತಟ್ಟೆ ಹಿಡಿದು ಹೋಗುತ್ತಾಳೆ. ಬದಲಾಯಿಸಿ ಹೇಳಿದರೆ ಒಪ್ಪುವುದಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಏಳಕ್ಕೆ ಅವ್ವನ ಹೊಟ್ಟೆ ಸಿಕ್ಕಿತು. ಅಲ್ಲಿ ನಿಲ್ಲದೆ, ಒಂದು ಮಾತು ಸೇರಿಸಿದೆ.

"ಆಮೇಲೆ ಅವ್ವ ಬಾಗಿಲು ಹಾಕಿದಳು. ಟಕ್."

ಅವಳು ಕಣ್ಣು ಬಿಟ್ಟು ಯೋಚಿಸಿದಳು. "ಕಾಡಲ್ಲಿ ಬಾಗ್ಲೈತಾ?"

"ಐತೆ. ಕಾಡಿನ್ ಆನೆಗೆ ಕಾಡಿನ್ ಬಾಗ್ಲು, ನಮಗೆ ನಮ್ದು. ಕಾಡಿನ ಮರಿ ಕಾಡಿನೋರ ಜೊತೆ ಹಂಚ್ಕತದೆ. ನಾವು ಕೂಸಿನ ಜೊತೆ."

"ಇವತ್ತು ಬಂದಿತ್ತಲ್ಲ, ಅದೂ ನಾಚ್ಕತಿತ್ತು. ಮರದ್ ಹಿಂದೆ ಇತ್ತು."

"ಊಂ. ಅದು ನಾಚ್ಕತದೆ ಅಂತ್ಲೇ ನಾವು ನೋಡಕ್ಕೆ ಹೋಗಬಾರದು."

ಅವಳು ಇನ್ನೊಮ್ಮೆ ಯೋಚಿಸಿ, "ಟಕ್," ಅಂದಳು. ಕಣ್ಣು ಮುಚ್ಚಿದಳು.

ಬೆಳಿಗ್ಗೆ ಅವಳಪ್ಪ ಮರದಲ್ಲಿ ಉಳಿದಿದ್ದ ಹಣ್ಣನ್ನೆಲ್ಲ ಇಳಿಸಿದ. ಅವಳು ಸೆರಗಿನ ಹಿಂದೆ ಅಡಗಿಕೊಂಡೇ ನನ್ನ ಜೊತೆ ನಾಲ್ಕು ಮನೆಗೆ ಬಂದು, ತೊಳೆಯ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಹಿಂದೆ ಹಿಂದೆ ನಡೆದಳು. ನಾನಿದ್ದ ಉಳಿದ ದಿನಗಳಲ್ಲಿ, ದೀಪ ಹಚ್ಚುವ ಮುಂಚೆ ಹಿಂಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಚಿಲಕ ಅವಳಿಗೆ ಎಟುಕುತ್ತಿರಲಿಲ್ಲ. ನಾನು ಬಂದು ಹಾಕುವವರೆಗೂ ಕಾಯುತ್ತಿದ್ದಳು. ಸದ್ದು ಕೇಳಿದ ಮೇಲೆ ಕೂಸಿನ ಪಕ್ಕ ಹೋಗಿ, ಕೌದಿಯ ತನ್ನ ಅರ್ಧದೊಳಗೆ ಮಲಗುತ್ತಿದ್ದಳು.

ಅಂಗನವಾಡಿಯಲ್ಲಿ ಈಗಲೂ ಆ ಕತೆ ಹೇಳುತ್ತೇನೆ. ಆದರೆ ಶುರುಮಾಡುವ ಮೊದಲು, ಯಾರ ಊರು ಕಾಡಿನ ಅಂಚಿನಲ್ಲಿದೆ ಎಂದು ಕೇಳಿಕೊಳ್ಳುತ್ತೇನೆ.