ನರುಳ್ಳೆಯ ಕೈ ಹಿಡಿದವರು

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ನರುಳ್ಳೆಯ, ಅದೇ ನರಹುಲಿಯ, ವಿಷಯ ಈಗ ಯಾರಿಗೆ ಬೇಕಾದರೂ ಹೇಳಬಲ್ಲೆ.

ಮೊಮ್ಮಗಳು ಮೂರನೇ ತರಗತಿ. ಬಲಗೈ ಬೆರಳ ಮೇಲೆ ಒಂದು ಎದ್ದಿತ್ತು, ಒರಟಾಗಿ, ಹೂಕೋಸಿನ ತುಣುಕಿನ ಹಾಗೆ. ಇವಳಿಗೆ ಉಗುರು ಕಚ್ಚುವ ಚಾಳಿ, ಜೊತೆಗೆ ಅದನ್ನು ಕೆರೆಯುವ ಚಾಳಿ. ನೋಡುನೋಡುತ್ತ ಎಡಗೈ ಉಗುರಿನ ಸುತ್ತಲೂ ಬಂತು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ. ಕೈ ಕೈ ಹಿಡಿದು ಸುತ್ತು ಕುಣಿಯುವ ನೃತ್ಯ. ಇವಳ ಕೈ ಯಾರೂ ಹಿಡಿಯಲಿಲ್ಲ. "ನನ್ನ ತೆಗೆದುಬಿಡ್ತಾರಂತೆ ಅಜ್ಜಿ" ಎಂದು ಅತ್ತಳು.

ಪಕ್ಕದ ಮನೆಯಾಕೆ ಎಕ್ಕದ ಹಾಲು ಹಿಡಿದು ಬಂದಳು. "ಹಚ್ಚಿ ಅಜ್ಜಿ, ಸುಟ್ಟು ಉದುರಿಹೋಗುತ್ತೆ." ನನಗೂ ಸರಿಯೆನಿಸಿತು. ಸೊಸೆ ಬಿಡದೆ ನಮ್ಮಿಬ್ಬರನ್ನೂ ವಿಜಯನಗರದ ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು.

"ಎಕ್ಕದ ಹಾಲು ಬೇಡ ಅಜ್ಜಿ, ಚರ್ಮ ಸುಡುತ್ತೆ. ಇದು ವೈರಸ್. ಗಾಯ ಇರೋ ಕಡೆ ಒಳಗೆ ಹೋಗುತ್ತೆ. ಇವಳು ಕಚ್ಚಿ ಕೆರೆದು ತಾನೇ ದಾರಿ ಮಾಡ್ಕೊಟ್ಟಿದಾಳೆ."

"ಹಾಗಾದ್ರೆ ಕಿತ್ತುಹಾಕಿ."

"ಔಷಧಿ ಇದೆ, ಮಂಜಿನ ಹಾಗೆ ಹೆಪ್ಪುಗಟ್ಟಿಸಿ ಸುಡೋದೂ ಇದೆ. ಆದ್ರೆ ಮಗುಗೆ ನೋವು. ಇದು ಚರ್ಮದ ಮೇಲ್ಪದರದಲ್ಲೇ ಅಡಗಿ ಕೂತಿರುತ್ತೆ, ಮೈಗೆ ಅದರ ಗುರುತೇ ಸಿಕ್ಕಿರಲ್ಲ. ಗುರುತು ಹಿಡಿದ ದಿನ ಮೈಯೇ ಓಡಿಸುತ್ತೆ. ಕೆಲವ್ರಿಗೆ ತಿಂಗಳುಗಳು, ಕೆಲವ್ರಿಗೆ ಒಂದೆರಡು ವರ್ಷ. ತುಂಬಾ ಹರಡಿದ್ರೆ, ನೋವಾದ್ರೆ ಬನ್ನಿ. ಅಲ್ಲಿವರೆಗೆ ಪ್ಲಾಸ್ಟರ್ ಹಾಕಿ, ಟವೆಲ್ ಬೇರೆ ಇಡಿ."

ಏನೂ ಮಾಡದೆ ಫೀಸು ತಗೊಂಡಳಲ್ಲ ಎಂದು ಗೊಣಗುತ್ತ ಮಾರೇನಹಳ್ಳಿಯ ಮನೆಗೆ ವಾಪಸು ಬಂದೆ.

ಮಾರನೆಯ ದಿನ ಶಾಲೆಗೆ ಹೋಗಿ ನೃತ್ಯದ ಟೀಚರಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. "ಪ್ಲಾಸ್ಟರ್ ಹಾಕಿದ ಕೈ ಹಿಡಿದ್ರೆ ಏನಾಗುತ್ತೆ ಹೇಳಿ. ಆಗಲ್ಲ ಅಂದ್ರೆ ಇವಳನ್ನ ತೆಗೀರಿ, ಅತ್ತು ಸುಮ್ಮನಾಗ್ತಾಳೆ."

"ಯಾಕಜ್ಜಿ ತೆಗೀಬೇಕು?" ಎಂದಳು ಆ ಟೀಚರು. ಇಪ್ಪತ್ತೈದೂ ಆಗಿರಲಾರದು ಅವಳಿಗೆ. ಎಲ್ಲ ಮಕ್ಕಳ ಎದುರಿಗೇ ಇವಳ ಕೈ ಹಿಡಿದು ಸುತ್ತಿನಲ್ಲಿ ತಾನೂ ನಿಂತಳು. ಎರಡು ಸುತ್ತು ಕುಣಿದ ಮೇಲೆ ಕೈ ಬಿಡಿಸಿಕೊಂಡು ಒಂದು ಹುಡುಗಿಯನ್ನು ಆ ಜಾಗಕ್ಕೆ ತಳ್ಳಿದಳು. ಆ ಹುಡುಗಿ ಮುಖ ಸಿಂಡರಿಸಿದಳು, ಆದರೂ ಹಿಡಿದಳು.

ವಾರ್ಷಿಕೋತ್ಸವದ ದಿನ ನರುಳ್ಳೆಗಳು ಇದ್ದ ಹಾಗೇ ಇದ್ದವು. ಪ್ಲಾಸ್ಟರ್ ಹಾಕಿಕೊಂಡೇ ಕುಣಿದಳು, ಹೆಜ್ಜೆಯೂ ತಪ್ಪಿತು. ಬೇಸಿಗೆ ರಜೆಯಲ್ಲಿ ಎಣ್ಣೆ ಹಚ್ಚುವಾಗ ನೋಡುತ್ತೇನೆ, ಎಲ್ಲವೂ ಒಟ್ಟಿಗೆ ಚಪ್ಪಟೆಯಾಗುತ್ತಿವೆ. ಶಾಲೆ ತೆರೆಯುವಷ್ಟರಲ್ಲಿ ಕಲೆಯೂ ಇರಲಿಲ್ಲ.

ತಾನು ಹರಕೆ ಹೊತ್ತಿದ್ದೆ ಎಂದಳು ಪಕ್ಕದ ಮನೆಯಾಕೆ. ಹೊತ್ತಿದ್ದರೆ ಅವಳಿಗೂ ಒಳ್ಳೆಯದಾಗಲಿ. ಸುಡದೆ ಕಳಿಸಿದ ಡಾಕ್ಟರಮ್ಮನ ಮೇಲೆ ಈಗ ಗೊಣಗುವುದಿಲ್ಲ. ಆದರೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಮೊದಲು ಕೊಟ್ಟು ಬಂದದ್ದು ಆ ಟೀಚರಿಗೆ. ನರುಳ್ಳೆ ಹೇಗೂ ಹೋಗುತ್ತಿತ್ತು. ಅದು ಇದ್ದಾಗ ಕೈ ಹಿಡಿದವಳು ಅವಳು.